ನನಗೆ ಬೇಳೆ, ತಂಗಿಗೆ ಗಡಿಯಾರ

ನನ್ನ ಅತ್ತಿಗೆಯನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಕ್ಷಮಿಸಬೇಕು ಅನ್ನುವವರು ಮೊದಲು ಮೊಣಕೈವರೆಗೆ ಚರ್ಮ ಸುಟ್ಟುಕೊಳ್ಳಲಿ, ಆಮೇಲೆ ಬಂದು ನನಗೆ ಬುದ್ಧಿ ಹೇಳಲಿ. ಅವಳಿಗೂ ವಯಸ್ಸಾಯಿತು, ತಲೆ ಬೆಳ್ಳಗಾಯಿತು, ಹಳೆಯದನ್ನೆಲ್ಲ ಬಿಟ್ಟುಬಿಡು ಎಂದು ಅಣ್ಣ ಹೇಳುತ್ತಲೇ ಇರುತ್ತಾನೆ. ಬಿಡುವುದಿಲ್ಲ ಹೋಗು ಎಂದು ನಾನೂ ಹೇಳುತ್ತಲೇ ಇರುತ್ತೇನೆ.

ಆಗ ಎಂಬತ್ತರ ದಶಕ ಶುರುವಾಗಿತ್ತಷ್ಟೆ. ನಮ್ಮದು ಗುಬ್ಬಿ. ಒಂದಿಷ್ಟು ತೆಂಗು, ಒಂದಿಷ್ಟು ರಾಗಿ ಹೊಲ, ಅಪ್ಪ ಇಲ್ಲದ ಮನೆ, ನಾನು ಮತ್ತು ಅವ್ವ. ಅಣ್ಣನಿಗೆ ಹಿರೇಹಳ್ಳಿಯ ಕಾರ್ಖಾನೆಯಲ್ಲಿ ಕೆಲಸವಾಗಿತ್ತು. ತುಮಕೂರಿನ ಸದಾಶಿವನಗರದಲ್ಲಿ ಬಾಡಿಗೆ ಮನೆ ಹಿಡಿದು ಹೆಂಡತಿಯ ಜೊತೆ ಇದ್ದ. ಅತ್ತಿಗೆ ಗೂಳೂರಿನವಳು. ಆದರೆ ತುಮಕೂರಿಗೆ ಬಂದು ವರ್ಷ ತುಂಬುವುದರೊಳಗೆ ಪೇಟೆಯಲ್ಲೇ ಹುಟ್ಟಿದವಳ ಥರ ಆಡುತ್ತಿದ್ದಳು. ಅವಳ ಕೈಗಳು ಮಾತ್ರ ನಿಜಕ್ಕೂ ಚೆನ್ನಾಗಿದ್ದವು, ಒಂದು ಕೂದಲೂ ಇಲ್ಲದೆ ಬಾಳೆದಿಂಡಿನ ಹಾಗೆ. ಅದರ ಗುಟ್ಟು ಅವಳ ಬ್ಯಾಗಿನಲ್ಲಿದ್ದ ಒಂದು ಟ್ಯೂಬು. ಕೂದಲು ತೆಗೆಯುವ ಕ್ರೀಮು.

ನನ್ನ ಕೈ ನೋಡಿದರೆ ಬೇರೆ ಕಥೆ. ಮಣಿಕಟ್ಟಿನಿಂದ ಮೊಣಕೈವರೆಗೂ ಕಪ್ಪು ಕೂದಲು. ಸ್ಕೂಲಿನಲ್ಲಿ ನನ್ನನ್ನು ಕರಡಿ ಅನ್ನುತ್ತಿದ್ದರು. ಅವ್ವ ಚಿಕ್ಕಂದಿನಿಂದ ಕಡಲೆಹಿಟ್ಟು, ಅರಿಶಿನ, ಹಾಲಿನ ಕೆನೆ ಎಲ್ಲ ಹಚ್ಚಿ ತಿಕ್ಕಿದಳು. ತಿಕ್ಕಿದ್ದಕ್ಕೆ ಕೈ ನೋಯುತ್ತಿತ್ತು, ಕೂದಲು ಅಲ್ಲೇ ಇರುತ್ತಿತ್ತು.

ಹೀಗಿರುವಾಗ ಕುಣಿಗಲ್ಲಿನಿಂದ ಒಂದು ಸಂಬಂಧ ಬಂತು. ಹುಡುಗ ಬ್ಯಾಂಕಿನಲ್ಲಿ ಗುಮಾಸ್ತ. ಅಣ್ಣನ ಕಾರ್ಖಾನೆಯ ಸ್ನೇಹಿತರೊಬ್ಬರು ಹೇಳಿದ ಮನೆ. ಅವ್ವನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಕೈ ಕೂದಲಿನದೇ ಅವಳ ಚಿಂತೆ.

ಹೆಣ್ಣು ನೋಡಲು ಬರುವ ಹಿಂದಿನ ದಿನ ಅತ್ತಿಗೆ ಗುಬ್ಬಿಗೆ ಬಂದಳು. "ನೀವ್ಯಾಕೆ ಅತ್ತೆ ಯೋಚ್ನೆ ಮಾಡ್ತೀರಾ, ನಾನಿದೀನಲ್ಲ ಬುಡಿ. ಬೆಣ್ಣೇಲಿ ಕೂದ್ಲು ತೆಗ್ದಂಗೆ ತೆಗ್ದುಬುಡ್ತೀನಿ" ಅಂದಳು. ಅವ್ವ ಅವಳ ಗಲ್ಲ ಹಿಡಿದು ಮುದ್ದು ಮಾಡಿದಳು. ಅದನ್ನು ನೆನೆದರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ.

ಬೆಳಿಗ್ಗೆ ಅವ್ವ ನನಗೆ ಎಣ್ಣೆ ಸ್ನಾನ ಮಾಡಿಸಿದಳು. ಹೆಣ್ಣು ನೋಡುವ ದಿನ ಎಣ್ಣೆ ನೀರು ಹಾಕದೆ ಇರುತ್ತಾರೆಯೇ! ಹಂಡೆಯಲ್ಲಿ ಕುದಿಯುವ ಹಾಗಿದ್ದ ನೀರು, ಸೀಗೆಪುಡಿ, ತೆಂಗಿನ ನಾರು. ಎಣ್ಣೆ ಜಿಡ್ಡು ಹೋಗಲಿ ಎಂದು ಕೈಗಳನ್ನು ನಾರಿನಲ್ಲಿ ಕೆಂಪಗಾಗುವವರೆಗೆ ಉಜ್ಜಿದಳು. ಅತ್ತಿಗೆ ಬಚ್ಚಲ ಬಾಗಿಲಲ್ಲೇ ನಿಂತು ನೋಡುತ್ತಿದ್ದಳು. "ಚೆನ್ನಾಗಿ ಉಜ್ಜಿ ಅತ್ತೆ, ಕ್ರೀಮು ಹಿಡ್ಕೊಳ್ತದೆ" ಎಂದು ಮೇಲೆ ಮಾತು ಬೇರೆ.

ಸ್ನಾನ ಮುಗಿದು ಮೈ ಬಿಸಿ ಆರುವ ಮೊದಲೇ ಅತ್ತಿಗೆ ನನ್ನನ್ನು ಹಿತ್ತಿಲ ಜಗಲಿಯಲ್ಲಿ ಕೂರಿಸಿ ಟ್ಯೂಬು ಹಿಂಡಿದಳು. ಆ ವಾಸನೆ! ಮೇಲೆ ಗುಲಾಬಿ ಸೆಂಟು, ಒಳಗೆ ಕೊಳೆತ ಮೊಟ್ಟೆ. ಹಿತ್ತಿಲಲ್ಲಿ ಕಟ್ಟಿದ್ದ ಎಮ್ಮೆ ಕೂಡ ಮುಖ ತಿರುಗಿಸಿತು. ಚಮಚದಂಥ ಚಪ್ಪಟೆ ಪ್ಲಾಸ್ಟಿಕ್ಕಿನಲ್ಲಿ ಎರಡೂ ಕೈಗೆ ರೊಟ್ಟಿಗೆ ಬೆಣ್ಣೆ ಸವರಿದ ಹಾಗೆ ದಪ್ಪಗೆ ಸವರಿದಳು.

"ಎಷ್ಟು ಹೊತ್ತು ಇಟ್ಕೋಬೇಕು ಅತ್ತಿಗೆ?" ಅಂತ ಕೇಳಿದೆ.

"ಒಲೆ ಮೇಲೆ ಬೇಳೆ ಇಟ್ಟಿದೀನಿ. ಬೇಳೆ ಬೇಯೋ ತಂಕ ಇರ್ಲಿ. ನಿಂದು ಒರಟು ಕೂದ್ಲು ಕಣೇ, ಬೇಗ ಬರಲ್ಲ."

ಸ್ವಲ್ಪ ಹೊತ್ತಿಗೇ ಚುರುಗುಟ್ಟಲು ಶುರುವಾಯಿತು. ಆಮೇಲೆ ಉರಿ. ಆಮೇಲೆ ಹಸಿ ಮೆಣಸಿನಕಾಯಿ ಅರೆದು ಹಚ್ಚಿದ ಹಾಗೆ. ನಾನು ಕೂಗಿದೆ. ಅವಳು ಅಡುಗೆಮನೆಯಿಂದಲೇ "ಉರೀತು ಅಂದ್ರೆ ಕೆಲ್ಸ ಮಾಡ್ತಾ ಐತೆ ಅಂತ. ಚೆಂದ ಆಗ್ಬೇಕು ಅಂದ್ರೆ ತಡ್ಕೋಬೇಕು, ಸುಮ್ನೆ ಕೂತ್ಕೋ" ಅಂದಳು. ಅವ್ವನೂ "ತಡ್ಕೊಳ್ಳೇ ನಮ್ಮವ್ವ" ಅಂದಳು. ನಮ್ಮದು ತೆರೆದ ಪಾತ್ರೆಯಲ್ಲಿ ಸೌದೆ ಒಲೆಯ ಮೇಲೆ ಬೇಯುವ ತೊಗರಿಬೇಳೆ. ಕಣ್ಣಲ್ಲಿ ನೀರು ಸುರಿಸುತ್ತಾ, ಎರಡು ಕೈ ಮುಂದೆ ಚಾಚಿಕೊಂಡು, ಬೇಳೆಗೆ ಶಾಪ ಹಾಕುತ್ತಾ ಕೂತೆ.

ಕೊನೆಗೆ ಬಂದು ಒರೆಸಿದಳು. ಕೂದಲು ಬಂತು, ಸುಳ್ಳು ಯಾಕೆ ಹೇಳಲಿ, ಒಂದೂ ಬಿಡದೆ ಬಂತು. ಜೊತೆಗೆ ಅಲ್ಲಲ್ಲಿ ಚರ್ಮವೂ ಬಂತು. ಕೈ ಸುಲಿದ ಟೊಮೇಟೊ ಹಣ್ಣಿನ ಬಣ್ಣವಾಗಿತ್ತು. ಅವ್ವ ಗಾಬರಿಯಾಗಿ ಓಡಿಹೋಗಿ ಅರಿಶಿನ ತಂದು ಮೆತ್ತಿದಳು. ಗಾಯಕ್ಕೆಲ್ಲ ಅರಿಶಿನವೇ ಮದ್ದು ಎಂದು ನಂಬಿದ್ದ ಜೀವ. ಅರಿಶಿನ ಬಿದ್ದದ್ದೇ ನಾನು ಕಿರುಚಿದ್ದು ಆಚೆ ಬೀದಿಗೆ ಕೇಳಿತಂತೆ.

ಕುಣಿಗಲ್ಲಿನವರು ಬರುವ ಹೊತ್ತಿಗೆ ಸಣ್ಣ ಸಣ್ಣ ನೀರುಗುಳ್ಳೆ ಎದ್ದಿದ್ದವು. ಸೆರಗು ಹೊದ್ದು ಕಾಫಿ ತಟ್ಟೆ ಹಿಡಿದು ಹೋದೆ. ತಟ್ಟೆ ಚಾಚಿದಾಗ ಸೆರಗು ಜಾರಿತು. ಹುಡುಗನ ತಾಯಿ ಲೋಟಕ್ಕೆ ಚಾಚಿದ ಕೈ ಅಲ್ಲೇ ನಿಲ್ಲಿಸಿದರು.

"ಇದೇನಮ್ಮ ಕೈಯಿ?"

ನಾನು ಬಾಯಿ ತೆರೆಯುವ ಮೊದಲೇ ಅತ್ತಿಗೆ ಬಾಯಿ ತೆರೆದಳು. "ಅವಳಿಗೆ ಚಿಕ್ಕಂದ್ನಿಂದ ಹಂಗೇಯ. ಆಗಾಗ ಮೈ ಮೇಲೆ ಹಿಂಗೆ ಏಳ್ತದೆ. ತಾನೇ ಹೋಯ್ತದೆ ಬುಡಿ."

ನಾನು ಅವ್ವನ ಮುಖ ನೋಡಿದೆ. ಅವ್ವ ನೆಲ ನೋಡುತ್ತಿದ್ದಳು. ಕ್ರೀಮು ಹಚ್ಚಿದೆವು ಎಂದು ಹೇಳಬೇಕಾದರೆ ಕೂದಲಿತ್ತು ಎಂದು ಹೇಳಬೇಕು. ಬಂದವರ ಎದುರು ಸೊಸೆ ಸುಳ್ಳಿ ಎಂದೂ ಹೇಳಬೇಕು. ಅವ್ವನಿಂದ ಎರಡೂ ಆಗಲಿಲ್ಲ. ಹುಡುಗನ ತಾಯಿ ಕಾಫಿ ಮುಟ್ಟದೆ ಎದ್ದರು. ಆಮೇಲೆ ಕುಣಿಗಲ್ಲಿನಿಂದ ಗುಬ್ಬಿಗೆ, ಗುಬ್ಬಿಯಿಂದ ಸುತ್ತಲ ಊರಿಗೆ ಸುದ್ದಿ ಹಬ್ಬಿತು. ಆ ಮನೆಯ ಹುಡುಗಿಗೆ ಚರ್ಮದ ಕಾಯಿಲೆ. ಊರ ಬಾಯಿಗೆ ಬೀಗ ಹಾಕುವವರು ಯಾರು? ಬಳೆಗಾರ ಕೂಡ ನಮ್ಮ ಮನೆಗೆ ಬಂದಾಗ ನನ್ನ ಕೈ ಹಿಡಿದು ಬಳೆ ತೊಡಿಸಲು ಹಿಂದೆ ಮುಂದೆ ನೋಡಿದ. ಆವತ್ತು ನಾನು ಅತ್ತಷ್ಟು ಯಾವತ್ತೂ ಅತ್ತಿಲ್ಲ.

ತುಮಕೂರಿನಲ್ಲಿ ಒಬ್ಬ ಡಾಕ್ಟರಮ್ಮ ನೋಡಿದರು. ಕಾಯಿಲೆಯೂ ಇಲ್ಲ ಎಂಥದೂ ಇಲ್ಲ, ಇದು ಕ್ರೀಮಿನ ಸುಟ್ಟ ಗಾಯ ಅಂದರು. "ಕೂದಲು ಕರಗಿಸುವ ವಸ್ತು ಚರ್ಮ ಬಿಡುತ್ತದೆಯೇ? ಬಿಸಿನೀರಿನಲ್ಲಿ ಉಜ್ಜಿದ ಮೈಗೆ ಹಚ್ಚಲೇಬಾರದು. ಮೊದಲು ಕೈಯ ಒಳಮೈಗೆ ಒಂದು ಬಿಲ್ಲೆಯಷ್ಟು ಹಚ್ಚಿ, ಡಬ್ಬಿಯ ಮೇಲೆ ಬರೆದಷ್ಟೇ ನಿಮಿಷ ಇಟ್ಟು, ತೊಳೆದು, ಒಂದು ಪೂರ್ತಿ ದಿನ ಕಾಯಬೇಕು. ಕೆಂಪಾಗಲಿಲ್ಲ, ಕೆರೆಯಲಿಲ್ಲ ಅಂದರೆ ಆಮೇಲೆ ಉಳಿದ ಕಡೆ. ಉರಿ ಬಂದ ಕೂಡಲೇ ತೊಳೆಯಬೇಕು, ತಣ್ಣೀರಿನಲ್ಲಿ. ಸೋಪು ಬೇಡ, ಅರಿಶಿನ ಬೇಡ. ನಿಮ್ಮ ಮನೆಯಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲವೇ?"

ಗೊತ್ತಿರಲಿಲ್ಲ ಎಂದೇ ನಾನು ನಂಬಿದ್ದೆ. ಅತ್ತಿಗೆ ದಡ್ಡಿ, ಆಮೇಲೆ ಹೆದರಿ ಸುಳ್ಳು ಹೇಳಿದಳು, ಅಷ್ಟೇ ಅಂದುಕೊಂಡಿದ್ದೆ. ಸಿಟ್ಟಿತ್ತು. ಆದರೆ ದಡ್ಡರ ಮೇಲೆ ಎಷ್ಟು ದಿನ ಸಿಟ್ಟು ಮಾಡುವುದು?

ಗಾಯ ಮಾಗಿತು. ಬಣ್ಣವೂ ನಿಧಾನವಾಗಿ ಮೊದಲಿನಂತಾಯಿತು. ಕೂದಲೂ ಬಂತು. ಸಂಬಂಧ ಮಾತ್ರ ಒಂದೂ ಬರಲಿಲ್ಲ. ಮನೆಯಲ್ಲಿ ಕೂತು ಏನು ಮಾಡುತ್ತೀಯಾ ಎಂದು ಅಣ್ಣ ನನ್ನನ್ನು ತುಮಕೂರಿಗೆ ಕರೆತಂದು ಟೈಪಿಂಗ್ ಕ್ಲಾಸಿಗೆ ಸೇರಿಸಿದ. ಅತ್ತಿಗೆಯ ಮನೆಯಲ್ಲೇ ಊಟ, ನಿದ್ದೆ.

ಮಾರನೇ ವರ್ಷ ಅತ್ತಿಗೆಯ ತಂಗಿ ಗೂಳೂರಿನಿಂದ ಬಂದು ಇಳಿದಳು. ಒಳ್ಳೆಯ ಹುಡುಗಿ, ನನಗಿಂತ ಚಿಕ್ಕವಳು, ಕಪಟ ಗೊತ್ತಿಲ್ಲ. ಅವಳನ್ನು ನೋಡಲು ನಾಳೆ ಗಂಡಿನ ಕಡೆಯವರು ಬರುತ್ತಾರೆ ಎಂದು ಅತ್ತಿಗೆ ಹೇಳಿದಳು. ಯಾವೂರವರು ಎಂದು ಕೇಳಿದೆ. ಅವಳು ಸೊಪ್ಪು ಬಿಡಿಸುತ್ತಾ, ತಲೆ ಎತ್ತದೆ, "ಕುಣಿಗಲ್" ಅಂದಳು.

ಅದೇ ಹುಡುಗ. ಅದೇ ಬ್ಯಾಂಕು. ಅದೇ ತಾಯಿ.

ಆ ಮಾತನ್ನೂ ನುಂಗಿಕೊಂಡೆ. ಋಣ ಇದ್ದವರಿಗೆ ಸಿಗಲಿ ಎಂದು ಟೈಪಿಂಗ್ ಕ್ಲಾಸಿಗೆ ಹೋಗಿ ಬಂದೆ. ಬಂದು ಒಣಗಿದ ಬಟ್ಟೆ ಮಡಚಿಕೊಂಡು ಒಳಗೆ ಹೋಗುತ್ತೇನೆ, ರೂಮಿನಲ್ಲಿ ಆ ಕೊಳೆತ ಮೊಟ್ಟೆಯ ವಾಸನೆ. ಬಾಗಿಲಲ್ಲೇ ನಿಂತೆ. ಅತ್ತಿಗೆ ತಂಗಿಯನ್ನು ಎದುರಿಗೆ ಕೂರಿಸಿಕೊಂಡಿದ್ದಳು. ತಂಗಿಯ ಕೈಯ ಒಳಮೈಗೆ, ಮೊಣಕೈ ಮಡಿಕೆಯ ಕೆಳಗೆ, ಒಂದು ಬಿಲ್ಲೆಯಷ್ಟು ಕ್ರೀಮು. ಅಷ್ಟೇ. ಪಕ್ಕದಲ್ಲಿ ಅಣ್ಣನ ಅಲಾರಂ ಗಡಿಯಾರ. ಅತ್ತಿಗೆಯ ಕಣ್ಣು ಗಡಿಯಾರದ ಮುಳ್ಳಿನಿಂದ ಕದಲುತ್ತಿರಲಿಲ್ಲ.

"ಪೂರ್ತಿ ಹಚ್ಚೇ ಅಕ್ಕ" ಅಂದಳು ತಂಗಿ.

"ಅಯ್ಯೋ, ಹಂಗೆಲ್ಲ ಒಂದೇ ಸಲ ಹಚ್ಬಾರ್ದು ಕಣೇ. ಮೈ ಸುಟ್ಟೋಗ್ತದೆ. ಇಷ್ಟು ಹಚ್ಚಿ ಒಂದಿನ ನೋಡ್ಬೇಕು. ನಾನು ಮೊದ್ಲಿಂದ ಹಿಂಗೇ ಮಾಡ್ಕೊಳ್ಳೋದು. ಇವತ್ತು ಬಿಸ್ನೀರೂ ಹಾಕ್ಕೋಬೇಡ."

ಮೊದಲಿಂದ! ನನ್ನ ಕೈಯಲ್ಲಿದ್ದ ಬಟ್ಟೆ ನೆಲಕ್ಕೆ ಬಿತ್ತು. ಅತ್ತಿಗೆ ತಿರುಗಿ ನೋಡಿದಳು. ಮುಖ ಬಿಳಿಚಿಕೊಂಡಿತು. "ಇವಳ್ದು ಸೂಕ್ಷ್ಮ ಚರ್ಮ, ಅದಕ್ಕೇ" ಅಂದಳು. ನನ್ನದು ಎಮ್ಮೆ ಚರ್ಮ ತಾನೇ! ನನಗೆ ಬೇಳೆ, ತಂಗಿಗೆ ಗಡಿಯಾರ. ಆ ಹುಡುಗನ ಮೇಲೆ ತಂಗಿಗಾಗಿ ಮೊದಲೇ ಕಣ್ಣಿಟ್ಟಿದ್ದಳೋ, ನಾನು ಸುಟ್ಟ ಮೇಲೆ ಹೊಳೆಯಿತೋ, ದೇವರಿಗೇ ಗೊತ್ತು. ಆದರೆ ನಾರು ಹಿಡಿದು ಉಜ್ಜುವಾಗ ಬಾಗಿಲಲ್ಲಿ ನಿಂತು ನೋಡಿದವಳಿಗೆ ಎಲ್ಲವೂ ಗೊತ್ತಿತ್ತು. ಆ ನಿಮಿಷದಲ್ಲಿ ನನ್ನೊಳಗೆ ಏನೋ ಗಟ್ಟಿಯಾಗಿ ಕೂತಿತು. ನಿನಗೆ ಮಾಡ್ತೀನಿ ಇರು ಅಂದುಕೊಂಡೆ.

ಅಕ್ಕ ತಂಗಿ ಇಬ್ಬರೂ ಹೊಲಿಸಲು ಕೊಟ್ಟಿದ್ದ ರವಿಕೆ ತರಲು ಟೈಲರ್ ಅಂಗಡಿಗೆ ಹೋದರು. ಟ್ಯೂಬು ಕಿಟಕಿಯ ಮೇಲೆಯೇ ಇತ್ತು. ನಾನು ಎಡಗೈಯಲ್ಲಿ ಎರಡು ಜಾಗ ಆರಿಸಿದೆ. ಮೊದಲನೆಯದಕ್ಕೆ ತಣ್ಣೀರು ಸೋಕಿಸಿ, ಒರೆಸಿ ಒಣಗಿಸಿ, ಬಿಲ್ಲೆಯಷ್ಟು ಹಚ್ಚಿ, ಗಡಿಯಾರ ನೋಡಿ, ಡಾಕ್ಟರಮ್ಮ ಹೇಳಿದ ಹಾಗೆ ಡಬ್ಬಿಯ ಮೇಲಿನ ಹೊತ್ತಿಗೆ ಸರಿಯಾಗಿ ತೆಗೆದೆ. ಆ ಜಾಗ ಅಂಗೈ ಹಾಗೆ ನುಣುಪಾಯಿತು. ಚುರುಕ್ ಅನ್ನಲೂ ಇಲ್ಲ.

ಎರಡನೆಯದಕ್ಕೆ ಬಿಸಿನೀರು ಕಾಯಿಸಿದೆ. ಸೀಗೆಪುಡಿ ಹಾಕಿ ನಾರಿನಲ್ಲಿ ಕೆಂಪಾಗುವ ತನಕ ಉಜ್ಜಿದೆ. ಕ್ರೀಮು ಹಚ್ಚಿ, ಸೀಮೆಎಣ್ಣೆ ಸ್ಟೌ ಮೇಲೆ ಬೇಳೆ ಇಟ್ಟು ಎದುರಿಗೆ ಕೂತೆ. ಹಲ್ಲು ಕಚ್ಚಿಕೊಂಡೆ. ಬೇಳೆ ಬೇಯುವ ತನಕ ಇರಬೇಕೆಂದು ಹಠವಿತ್ತು. ಆಗಲಿಲ್ಲ. ಬೇಳೆ ಅರ್ಧವೂ ಬೆಂದಿರಲಿಲ್ಲ, ನಾನು ಓಡಿಹೋಗಿ ನಲ್ಲಿಯ ಕೆಳಗೆ ಕೈ ಹಿಡಿದೆ. ಒಂದು ಬಿಲ್ಲೆಯಷ್ಟು ಜಾಗಕ್ಕೇ ಇಷ್ಟಾದರೆ, ಆವತ್ತು ಎರಡೂ ಕೈಗೆ, ಬೇಳೆ ನುಣ್ಣಗಾಗುವವರೆಗೆ ನನ್ನನ್ನು ಕೂರಿಸಿದ್ದಳಲ್ಲ! ಕೈ ಮೇಲೆ ನೀರು ಬಿಟ್ಟುಕೊಂಡು ನಿಂತೆ. ಅಳಲಿಲ್ಲ, ಅವಳನ್ನು ಬಾಯಿ ತುಂಬ ಬೈದೆ.

ಮಾರನೇ ದಿನ ಬೆಳಿಗ್ಗೆ ನನ್ನ ಕೈಯಲ್ಲಿ ಒಂದು ಜಾಗ ಚೊಕ್ಕ, ಇನ್ನೊಂದು ಕಡೆ ಕೆಂಪು ಬಿಲ್ಲೆ, ನಡುವೆ ಗುಳ್ಳೆ. ಅತ್ತ ತಂಗಿಯ ಕೈಯಲ್ಲೂ ಕ್ರೀಮು ಹಚ್ಚಿದಲ್ಲಿ ಕೆಂಪಾಗಿ ಕೆರೆತ ಬಂದಿತ್ತು. ಗಡಿಯಾರ ನೋಡಿ ಹಚ್ಚಿದರೂ ಅವಳ ಮೈಗೆ ಆ ಕ್ರೀಮು ಒಗ್ಗಿರಲಿಲ್ಲ. ಅತ್ತಿಗೆ ಟ್ಯೂಬು ಎತ್ತಿಟ್ಟಳು. "ಬೇಡ ಬುಡು, ಕೂದ್ಲಿದ್ರೆ ಇರ್ಲಿ" ಎಂದು ಉದ್ದ ತೋಳಿನ ರವಿಕೆ ತೊಡಿಸಿದಳು. ನೋಡಿ, ಎಷ್ಟು ಜಾಣೆ!

ನನ್ನನ್ನು ಕರೆದು, "ನೀನು ಅಡ್ಗೆಮನೇಲೇ ಇರು ಕಣೇ. ಅವ್ರು ನಿನ್ನ ನೋಡಿದ್ರೆ ಸುಮ್ನೆ ಹಳೇದೆಲ್ಲ ನೆನಪಾಯ್ತದೆ" ಅಂದಳು. ಆಗಲಿ ಅತ್ತಿಗೆ ಅಂದೆ. ಅಣ್ಣ ಬಂದವರ ಜೊತೆ ಮಾತಾಡುತ್ತಿದ್ದ. ತಂಗಿ ಕಾಫಿ ಕೊಟ್ಟು ಚಾಪೆಯ ಮೇಲೆ ಕೂತಳು. ನಾನು ಸ್ಟೌ ಹಚ್ಚಿ ನೀರು ಕಾಯಿಸಿಟ್ಟು, ಬೇಳೆ ಇಟ್ಟೆ. ಆಮೇಲೆ ಸೀರೆಯ ಸೆರಗನ್ನೂ ಅತ್ತಿಗೆ ಎತ್ತಿಟ್ಟಿದ್ದ ಟ್ಯೂಬನ್ನೂ ಸೊಂಟಕ್ಕೆ ಸಿಕ್ಕಿಸಿ, ಉಪ್ಪಿಟ್ಟಿನ ತಟ್ಟೆ ಹಿಡಿದು ಹಜಾರಕ್ಕೆ ನಡೆದೆ.

ಹುಡುಗನ ತಾಯಿ ನನ್ನನ್ನು ನೋಡಿ ಗುರುತು ಹಿಡಿದರು. "ನೀನು ಗುಬ್ಬಿ ಹುಡ್ಗಿ ಅಲ್ವೇನಮ್ಮ? ಕೈ ವಾಸಿ ಆಯ್ತಾ?"

"ವಾಸಿ ಆಗಕ್ಕೆ ಕಾಯಿಲೆ ಇದ್ರೆ ತಾನೇ ಅಮ್ಮ" ಅಂದೆ. ತಟ್ಟೆ ಕೆಳಗಿಟ್ಟು ಅವರ ಮುಂದೆ ಕೂತು ಎಡಗೈ ಚಾಚಿದೆ. "ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ನೀವೇ ನೋಡಿ. ಎರಡೂ ಒಂದೇ ಕೈ, ಒಂದೇ ಕ್ರೀಮು. ಕೂದ್ಲು ತೆಗೆಯೋ ಕ್ರೀಮು. ಈ ಜಾಗಕ್ಕೆ ತಣ್ಣೀರು ಸೋಕಿಸಿ, ಹೊತ್ತು ನೋಡಿ ತೆಗ್ದೆ. ಏನೂ ಆಗಿಲ್ಲ. ಇದಕ್ಕೆ ಬಿಸ್ನೀರಲ್ಲಿ ಸೀಗೆಪುಡಿ ಹಾಕಿ ಉಜ್ಜಿ ಹಚ್ಚಿ, ಸುಡೋ ತಂಕ ಬಿಟ್ಟೆ. ಹಿಂಗಾಯ್ತು. ನೀವು ನಮ್ಮನೆಗೆ ಬಂದಿದ್ರಲ್ಲ, ಅವತ್ತು ನಮ್ಮತ್ತಿಗೆ ನನಗೆ ಎರಡೂ ಕೈಗೆ ಹಿಂಗೇ ಹಚ್ಚಿದ್ರು."

ಅತ್ತಿಗೆ ಎದ್ದು ನಿಂತಳು. "ಏನೇ ಇದು, ಮನೆ ಮರ್ಯಾದೆ ತೆಗೀತೀಯಾ? ಸುಳ್ಳು ಅಮ್ಮ, ಇವಳಿಗೆ ಮೊದ್ಲಿಂದ ಕಾಯಿಲೆ ಐತೆ. ನಾನೇನೂ ಮಾಡಿಲ್ಲ."

ನಾನು ಸೊಂಟದಿಂದ ಟ್ಯೂಬು ತೆಗೆದು ಅವಳ ಕಾಲ ಬಳಿ ಇಟ್ಟೆ.

"ಆಯ್ತು ಅತ್ತಿಗೆ. ನಾನು ಸುಳ್ಳಿ. ನನ್ನ ಮೈಯೇ ಸರಿ ಇಲ್ಲ. ನಿಮ್ಮ ಮೈ ಸರಿಯಾಗೈತಲ್ಲ, ಒಂದು ಸಲ ನನಗೆ ಹಚ್ಚಿದಂಗೇ ಹಚ್ಕೊಳ್ಳಿ. ಬಿಸ್ನೀರು ಕಾದೈತೆ, ಸೀಗೆಪುಡಿ ಐತೆ, ನಾರೂ ಐತೆ. ನಾನೇ ಉಜ್ತೀನಿ. ಬೇಳೆ ಬೇಯೋ ತಂಕ ಇಟ್ಕೊಳ್ಳಿ. ಬೇಳೆ ಒಲೆ ಮೇಲೆ ಇಟ್ಟೇ ಬಂದಿದೀನಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅತ್ತಿಗೆ ಎರಡೂ ಕೈಗಳನ್ನು ಸರ್‍ರನೆ ಸೆರಗಿನೊಳಗೆ ಎಳೆದುಕೊಂಡಳು. ಅಷ್ಟೇ ಸಾಕಾಗಿತ್ತು. ಆದರೆ ಪಾಪ, ಆ ತಂಗಿ, ಅಕ್ಕನನ್ನು ಕಾಪಾಡಲು ಹೋಗಿ ತೋಳು ಮೇಲೆತ್ತಿದಳು. "ಹೂಂ ಅಮ್ಮ, ಕ್ರೀಮಿಂದ ಹಿಂಗಾಗ್ತದೆ. ನಂಗೂ ನಿನ್ನೆ ಇಷ್ಟೇ ಇಷ್ಟು ಹಚ್ಚಿ ನೋಡಿದ್ಳು, ಕೆಂಪಾಯ್ತು. ಅದಕ್ಕೇ ಅಕ್ಕ ಪೂರ್ತಿ ಹಚ್ಲಿಲ್ಲ. ಅಕ್ಕಂಗೆ ಇದೆಲ್ಲ ಚೆನ್ನಾಗಿ ಗೊತ್ತು."

ಹುಡುಗನ ತಾಯಿ ತಂಗಿಯ ಕೈ ನೋಡಿದರು, ನನ್ನ ಕೈ ನೋಡಿದರು, ಬಗ್ಗಿ ಟ್ಯೂಬಿನ ಮುಚ್ಚಳ ತೆಗೆದು ಮೂಸಿದರು. "ಥೂ! ಇದೇ ವಾಸ್ನೆ. ಅವತ್ತು ಗುಬ್ಬೀಲಿ ನಿಮ್ಮನೆ ತುಂಬ ಇದೇ ವಾಸ್ನೆ ಬರ್ತಿತ್ತು. ಏನೋ ಇಲಿ ಸತ್ತೈತೆ ಅಂದ್ಕೊಂಡಿದ್ದೆ" ಅಂದರು. ಆಮೇಲೆ ಅತ್ತಿಗೆಯ ಕಡೆ ತಿರುಗಿ, "ಒಂದು ಹೆಣ್ಣುಮಗೂಗೆ ಇಂಥ ಹೆಸ್ರು ಇಟ್ಯಲ್ಲಮ್ಮ, ಆ ಹೆಸ್ರನ್ನ ಊರಿಗೆಲ್ಲ ಹಂಚಿದ್ದು ನಾನು. ಇನ್ನು ಅದನ್ನ ಅಳಿಸೋಳೂ ನಾನೇ" ಅಂದರು. ಅಣ್ಣ ತಲೆ ಮೇಲೆ ಕೈ ಹೊತ್ತು ಕೂತಿದ್ದ. ನನಗೆ ಅವನ ಮೇಲೂ ಕರುಣೆ ಬರಲಿಲ್ಲ. ಎದೆ ತಣ್ಣಗಾಗಿತ್ತು, ಬೇಸಿಗೆಯಲ್ಲಿ ಮಜ್ಜಿಗೆ ಕುಡಿದ ಹಾಗೆ.

ಹೆಸರು ಕೆಡಲು ಎಷ್ಟು ಬೇಗ ಸುದ್ದಿ ಹೋಗಿತ್ತೋ, ಸರಿಯಾಗಲು ಅಷ್ಟು ಬೇಗ ಹೋಗಲಿಲ್ಲ. ಆದರೂ ಹೋಯಿತು. ಆ ತಾಯಿ ಮಾತಿಗೆ ತಪ್ಪಲಿಲ್ಲ, ಹೇಳಿದವರಿಗೆಲ್ಲ ಮತ್ತೆ ಹೇಳಿದರು. ಬಳೆಗಾರ ಬಂದು ನನ್ನ ಕೈ ಗಟ್ಟಿಯಾಗಿ ಹಿಡಿದು ಹಸಿರು ಬಳೆ ತೊಡಿಸಿದ ದಿನ ಅವ್ವ ಅವನಿಗೆ ಬೆಲ್ಲದ ಜೊತೆ ಎರಡು ತೆಂಗಿನಕಾಯಿ ಕೊಟ್ಟಳು. ಕುಣಿಗಲ್ಲಿನಿಂದ ಮತ್ತೆ ಹೇಳಿಕೆ ಬಂತು, ಗುಬ್ಬಿ ಹುಡುಗಿಯನ್ನೇ ಮಾಡಿಕೊಳ್ಳುತ್ತೇವೆ ಎಂದು. ಒಂದು ದಿನ ಕಾದು ನೋಡಿ ಹೇಳುತ್ತೇನೆ ಅಂದೆ. ಒಂದು ದಿನ ಕಾದೆ. ನನ್ನ ಕೈ ನೋಡಿ, ಒಂದು ದಿನವೂ ಕಾಯದೆ ಕಾಯಿಲೆ ಎಂದು ಊರಿಗೆ ಹಂಚಿದವರ ಮನೆ ನನಗೆ ಬೇಡ ಎಂದು ಹೇಳಿ ಕಳಿಸಿದೆ. ಅವ್ವ ಗೋಳಾಡಿದಳು. ನಾನು ಜಗ್ಗಲಿಲ್ಲ. ಆಮೇಲೆ ಬೇರೆ ಕಡೆ ಮದುವೆಯಾಯಿತು, ಕೈ ಮೇಲಿನ ಕೂದಲ ಸಮೇತ.

ಅತ್ತಿಗೆ ನನ್ನ ಹತ್ತಿರ ಆ ವಿಷಯ ಒಮ್ಮೆಯೂ ಎತ್ತಿಲ್ಲ. ತಪ್ಪಾಯಿತು ಎಂದೂ ಹೇಳಿಲ್ಲ. ಹಬ್ಬಕ್ಕೆ ನಮ್ಮ ಮನೆಗೆ ಬರುತ್ತಾಳೆ. ಕುಕ್ಕರ್ ಬಂದು ಎಷ್ಟೋ ವರ್ಷವಾಯಿತು, ಆದರೂ ಅವಳು ಬಂದ ದಿನ ಮಾತ್ರ ನಾನು ತೆರೆದ ಪಾತ್ರೆಯಲ್ಲೇ ಬೇಳೆ ಇಡುತ್ತೇನೆ. ಎಲ್ಲರೂ ಕೂತು ಮಾತಾಡುವಾಗ ಅವಳ ಕಡೆ ತಿರುಗಿ ಮೆತ್ತಗೆ ಕೇಳುತ್ತೇನೆ, "ಅತ್ತಿಗೆ, ಬೇಳೆ ಬೆಂತಾ ನೋಡ್ತೀರಾ?"

ಅವಳು ಎದ್ದು ಹೋಗಿ ನೋಡಿ ಬರುತ್ತಾಳೆ. "ಇನ್ನೂ ಇಲ್ಲ" ಅನ್ನುತ್ತಾಳೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳುತ್ತೇನೆ.